ವಾಟ್ಸಾಪ್‌ನಲ್ಲಿ ‘ಅಣ್ಣಾರೆ’, ಇಮೇಲ್‌ನಲ್ಲಿ ‘ಮಾನ್ಯರೇ’

ಗಿರಾಕಿಗೆ ವಾಟ್ಸಾಪ್ ಮಾಡಬೇಕೋ, ಇಮೇಲ್ ಕಳಿಸಬೇಕೋ ಎಂಬುದು ಬೆಂಗಳೂರಿನ ಆಫೀಸಿನವರ ತಲೆನೋವು, ನಮಗೇಕೆ ಅಂತ ಕೇಳುವವರಿದ್ದಾರೆ. ಆದರೆ ಹರಪನಹಳ್ಳಿ ತಾಲೂಕಿನ ನೀಲಗುಂದದಲ್ಲಿ ಕೂತು ರೊಟ್ಟಿ ಮಾರುವವರು, ಹಡಗಲಿಯಲ್ಲಿ ಮಲ್ಲಿಗೆ ಕಳಿಸುವವರು, ಕೊಟ್ಟೂರಿನಲ್ಲಿ ಮದುವೆಯ ವಿಡಿಯೊ ಮಾಡುವವರು ಎಲ್ಲರೂ ಈಗ ಫೋನಿನಲ್ಲೇ ವ್ಯಾಪಾರ ಮಾಡುತ್ತಾರೆ. ಗಿರಾಕಿಯ ಮುಖ ನೋಡದೆಯೇ ಆರ್ಡರ್ ಹಿಡಿಯುತ್ತಾರೆ. ಮುಖ ಕಾಣದ ಮೇಲೆ ಉಳಿಯುವುದು ನಾವು ಬರೆದ ಮಾತು ಮಾತ್ರ. ಆ ಮಾತು ಎಲ್ಲಿ ಸಲುಗೆಯಿಂದ ಇರಬೇಕು, ಎಲ್ಲಿ ಅರ್ಜಿಯ ಹಾಗೆ ಇರಬೇಕು ಎಂಬುದು ಗೊತ್ತಿಲ್ಲದಿದ್ದರೆ ನಷ್ಟ ನಮ್ಮದೇ.

ಸಾಮಾನ್ಯವಾಗಿ ಹೇಳುವುದೇನೆಂದರೆ, ವಾಟ್ಸಾಪ್ ಅಂದರೆ ಸಲುಗೆ, ಇಮೇಲ್ ಅಂದರೆ ಗೌರವ. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. ವಾಟ್ಸಾಪ್‌ನಲ್ಲೂ ಗೌರವ ಕೊಡಬಹುದು, ಇಮೇಲ್‌ನಲ್ಲೂ ಒರಟಾಗಿ ಬರೆಯಬಹುದು. ವ್ಯತ್ಯಾಸ ಇರುವುದು ಓದುವವರಲ್ಲಿ. ವಾಟ್ಸಾಪ್ ಓದುವವನು ಈ ಹೊತ್ತು ನಮ್ಮ ಜೊತೆ ಮಾತಾಡುತ್ತಿರುವ ಮನುಷ್ಯ. ಅವನಿಗೆ ಹಿಂದಿನ ಮಾತೆಲ್ಲ ನೆನಪಿದೆ. ಇಮೇಲ್ ಓದುವವನು ಇನ್ನೊಬ್ಬನಾಗಿರಬಹುದು. ಅಂಗಡಿಯ ಲೆಕ್ಕ ಬರೆಯುವವನು ಒಂದು ತಿಂಗಳಾದ ಮೇಲೆ ಅದನ್ನು ತೆರೆಯಬಹುದು. ಅವನಿಗೆ ನಾವು ಯಾರೆಂದೂ ಗೊತ್ತಿಲ್ಲ, ಮೊದಲು ಏನು ಮಾತಾಗಿತ್ತೆಂದೂ ಗೊತ್ತಿಲ್ಲ. ಎರಡರ ಧಾಟಿ ಬೇರೆಯಾಗುವುದು ಇದೇ ಕಾರಣಕ್ಕೆ. ಒಂದು ಮನುಷ್ಯನಿಗೆ ಬರೆದದ್ದು, ಇನ್ನೊಂದು ಲೆಕ್ಕಕ್ಕೆ ಬರೆದದ್ದು.

ಈ ಎರಡು ಧಾಟಿ ನಮಗೆ ಹೊಸದಲ್ಲ

ಇನ್‌ಲ್ಯಾಂಡ್ ಪತ್ರದ ಕಾಲ ನೆನಪಿರುವವರು ಮನೆಯಲ್ಲಿ ಇನ್ನೂ ಇದ್ದಾರೆ, ಕೇಳಿ ನೋಡಿ. ಮಗಳಿಗೆ ಬರೆಯುವ ಪತ್ರ ಕ್ಷೇಮ ಸಮಾಚಾರದಿಂದ ಶುರುವಾಗುತ್ತಿತ್ತು. ಮಳೆ, ಬೆಳೆ, ಎಮ್ಮೆ ಕರು ಹಾಕಿದ್ದು ಎಲ್ಲ ಮುಗಿದ ಮೇಲೆ ಮುಖ್ಯ ವಿಷಯ ಬರುತ್ತಿತ್ತು. ಅದೇ ಕೈ ತಹಶೀಲ್ದಾರರಿಗೆ ಅರ್ಜಿ ಬರೆದಾಗ ಧಾಟಿ ಬೇರೆ. ಇವರಿಗೆ, ಇವರಿಂದ, ಮಾನ್ಯರೇ, ವಿಷಯ. ಆಮೇಲೆ ಸರ್ವೆ ನಂಬರ್, ಎಷ್ಟು ಎಕರೆ ಎಷ್ಟು ಗುಂಟೆ, ಏನು ಬೇಕು. ಕೊನೆಗೆ ಸಹಿ, ಊರು, ದಿನಾಂಕ. ತಹಶೀಲ್ದಾರರು ಬದಲಾದರೂ ಆ ಅರ್ಜಿ ಓದಿದವರಿಗೆ ವಿಷಯ ತಿಳಿಯಬೇಕಿತ್ತು.

ಅದಕ್ಕಿಂತ ಹಿಂದೆ ಹೋದರೂ ಇದೇ ಪದ್ಧತಿ. ನೀಲಗುಂದದ ಭೀಮೇಶ್ವರ ಗುಡಿ ಚಾಲುಕ್ಯರ ಕಾಲದ್ದು. ಆ ಕಾಲದ ದಾನಶಾಸನಗಳಲ್ಲಿ ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಭೂಮಿ, ಯಾವ ದಿಕ್ಕಿಗೆ ಏನು ಗಡಿ ಎಂದು ಬರೆದಿರುತ್ತದೆ. ಬಾಯಿಮಾತಿನಲ್ಲಿ ಒಪ್ಪಿದ್ದನ್ನೇ ಮುಂದೆ ಬರುವವರಿಗಾಗಿ ಮತ್ತೆ ಕಲ್ಲಿನಲ್ಲಿ ಬರೆಸಿದರು. ಇಮೇಲ್‌ನಲ್ಲಿ ನಾವು ಮಾಡಬೇಕಾದ್ದೂ ಅಷ್ಟೇ.

‘500 ಕಳಿಸಿ’ ಅಂದರೆ ಎಷ್ಟು?

ಒಂದು ಉದಾಹರಣೆ ಇಟ್ಟುಕೊಂಡು ಮಾತಾಡೋಣ. ನೀಲಗುಂದದಲ್ಲಿ ಹತ್ತು ಹೆಂಗಸರ ಒಂದು ಗುಂಪು ಜೋಳದ ಖಡಕ್ ರೊಟ್ಟಿ ಮಾಡುತ್ತದೆ ಅಂದುಕೊಳ್ಳಿ. ಹತ್ತು ರೊಟ್ಟಿಗೆ ಒಂದು ಪ್ಯಾಕೆಟ್, ಪ್ಯಾಕೆಟ್‌ಗೆ 80 ರೂಪಾಯಿ. ಬೆಂಗಳೂರಿನ ಒಂದು ಅಂಗಡಿ ಕಾಯಂ ಗಿರಾಕಿ. ಸಂಕ್ರಾಂತಿಗೆ ಮುಂಚೆ, ಜನವರಿ 2ರಂದು, ಅಂಗಡಿಯವರಿಂದ ವಾಟ್ಸಾಪ್ ಬರುತ್ತದೆ.

“ಅಕ್ಕಾ, ಹಬ್ಬಕ್ಕೆ 500 ಕಳಿಸಿ. ಬೇಗ.”

ಗುಂಪಿನ ಅಕ್ಕ “ಆಯ್ತು ಅಣ್ಣಾರೆ” ಅಂತ ಬರೆಯುತ್ತಾಳೆ. ಇಬ್ಬರಿಗೂ ಸಮಾಧಾನ. ಆದರೆ ಈ ಎರಡು ಸಾಲಿನಲ್ಲಿ ಗೊತ್ತಾಗದೆ ಉಳಿದದ್ದು ಎಷ್ಟಿದೆ ನೋಡಿ. 500 ಅಂದರೆ ರೊಟ್ಟಿಯೋ, ಪ್ಯಾಕೆಟ್ಟೋ? ರೊಟ್ಟಿ ಅಂದರೆ 50 ಪ್ಯಾಕೆಟ್, 4,000 ರೂಪಾಯಿ. ಪ್ಯಾಕೆಟ್ ಅಂದರೆ 5,000 ರೊಟ್ಟಿ, 40,000 ರೂಪಾಯಿ. ಮೊದಲನೆಯದು ಒಂದು ಮಧ್ಯಾಹ್ನದ ಕೆಲಸ. ಎರಡನೆಯದು ಹತ್ತು ಹೆಂಗಸರು ನಾಲ್ಕು ದಿನ ಒಲೆಯ ಮುಂದೆ ಕೂತು, ಒಬ್ಬೊಬ್ಬರು ದಿನಕ್ಕೆ 125 ರೊಟ್ಟಿ ಬಡಿಯುವ ಕೆಲಸ. ‘ಬೇಗ’ ಅಂದರೆ ಯಾವ ತಾರೀಖು? ಬಸ್ ಪಾರ್ಸೆಲ್ ಖರ್ಚು ಯಾರದು? ದಾರಿಯಲ್ಲಿ ರೊಟ್ಟಿ ಒಡೆದರೆ ಯಾರ ಲೆಕ್ಕಕ್ಕೆ? ಹಣ ಯಾವಾಗ?

ಇದಕ್ಕೆ ವಾಟ್ಸಾಪ್ ಕೆಟ್ಟದ್ದು ಅನ್ನಬೇಕಾಗಿಲ್ಲ. ವಿಷಯ ಬಿಡಿಸಿಕೊಳ್ಳುವುದಕ್ಕೆ ಅದೇ ಒಳ್ಳೆಯ ಜಾಗ. ಅಕ್ಕ ಹೀಗೆ ಕೇಳಬಹುದು:

“ಅಣ್ಣಾರೆ ನಮಸ್ಕಾರ. 500 ಅಂದ್ರೆ ಪ್ಯಾಕೆಟ್ ಅಲ್ಲೇನ್ರಿ? ಒಟ್ಟು 5,000 ರೊಟ್ಟಿ ಆಗ್ತಾವು. 10ನೇ ತಾರೀಖಿಗೆ ಮುಟ್ಟಿಸಿದ್ರೆ ನಡೀತತಾ?”

ಈ ಸಂದೇಶದ ಧಾಟಿ ಗಮನಿಸಿ. ‘ಅಣ್ಣಾರೆ’ ಇದೆ, ‘ರಿ’ ಇದೆ, ಆದರೆ ಉದ್ದ ಇಲ್ಲ. ಒಂದು ಸಂದೇಶದಲ್ಲಿ ಒಂದೇ ಆರ್ಡರಿನ ಮಾತು. ಉತ್ತರ ಹೌದು ಅಥವಾ ಇಲ್ಲ ಎಂದು ಬರುವ ಹಾಗೆ ಪ್ರಶ್ನೆ ಕೇಳಲಾಗಿದೆ. ಅಂಗಡಿಯವರು ಗಲ್ಲಾದ ಮುಂದೆ ನಿಂತುಕೊಂಡೇ ಉತ್ತರಿಸಬಹುದು. ಇದೇ ಮಾತನ್ನು ಮೂರು ನಿಮಿಷದ ಧ್ವನಿ ಸಂದೇಶ ಮಾಡಿ ಕಳಿಸಿದರೆ, ಗಿರಾಕಿಗಳ ನಡುವೆ ನಿಂತವರು ಅದನ್ನು ಕೇಳುವುದಿಲ್ಲ. ಕೇಳಿದರೂ ತಾರೀಖು ಹುಡುಕಲು ಮತ್ತೆ ಮೊದಲಿಂದ ಕೇಳಬೇಕು. ಧ್ವನಿ ಸಂದೇಶ ಸಮಾಧಾನ ಹೇಳಲು ಒಳ್ಳೆಯದು, ಸಂಖ್ಯೆ ಹೇಳಲು ಅಲ್ಲ.

ಬೆಳಿಗ್ಗೆ ಹೂವಿನ ಚಿತ್ರದ ಶುಭೋದಯವೂ ಹಾಗೆಯೇ. ದಿನಾ ಅದನ್ನು ಕಳಿಸಿದರೆ ನಮ್ಮ ಹೆಸರು ಕಂಡ ಕೂಡಲೇ ತೆರೆಯದೆ ಮುಂದೆ ಹೋಗುವ ಅಭ್ಯಾಸ ಗಿರಾಕಿಗೆ ಆಗಿಬಿಡುತ್ತದೆ. ಆಮೇಲೆ ಬಿಲ್ ಕಳಿಸಿದ ದಿನವೂ ಅವರು ತೆರೆಯುವುದಿಲ್ಲ.

ಮೇಲ್‌ಗೆ ಹೋಗುವ ಮೊದಲ ಹೊತ್ತು: ಸಂಖ್ಯೆ ಒಪ್ಪಿದಾಗ

ಅಂಗಡಿಯವರು “ಹೌದು ಅಕ್ಕಾ, ಪ್ಯಾಕೆಟ್. 10ಕ್ಕೆ ಸಾಕು” ಅಂದರು. ಮುಂಗಡ 10,000 ಹಾಕುತ್ತೇನೆ, ಉಳಿದದ್ದು ತಿಂಗಳೊಳಗೆ ಎಂದೂ ಹೇಳಿದರು. ಇಲ್ಲಿಗೆ ಮಾತುಕತೆ ಮುಗಿಯಿತು, ಲೆಕ್ಕ ಶುರುವಾಯಿತು. ವಾಟ್ಸಾಪ್‌ನಿಂದ ಇಮೇಲ್‌ಗೆ ಬದಲಾಯಿಸಬೇಕಾದ ಮೊದಲ ಹೊತ್ತು ಇದೇ. ಎಷ್ಟು, ಯಾವಾಗ, ಎಷ್ಟು ಹಣ ಎಂಬ ಮೂರೂ ಗೊತ್ತಾದ ತಕ್ಷಣ, ಹಿಟ್ಟು ನಾದುವುದಕ್ಕೂ ಮುಂಚೆ, ಒಂದು ಇಮೇಲ್ ಹೋಗಬೇಕು.

ಅದನ್ನು ಅರ್ಜಿಯ ಹಾಗೆಯೇ ಬರೆಯಿರಿ. ಕನ್ನಡದಲ್ಲಿ ಬರೆದರೆ ಏನೂ ಕಮ್ಮಿಯಲ್ಲ.

> ವಿಷಯ: ಖಡಕ್ ರೊಟ್ಟಿ ಆರ್ಡರ್ ಖಚಿತ – 500 ಪ್ಯಾಕೆಟ್ – ಜನವರಿ 10
>
> ಮಾನ್ಯರೇ,
>
> ಇಂದು ಫೋನಿನಲ್ಲಿ ಮಾತಾದಂತೆ ನಿಮ್ಮ ಆರ್ಡರ್ ವಿವರ ಹೀಗಿದೆ.
>
> ಸರಕು: ಜೋಳದ ಖಡಕ್ ರೊಟ್ಟಿ, 500 ಪ್ಯಾಕೆಟ್ (ಪ್ಯಾಕೆಟ್‌ಗೆ 10 ರೊಟ್ಟಿ)
> ದರ: ಪ್ಯಾಕೆಟ್‌ಗೆ 80 ರೂ., ಒಟ್ಟು 40,000 ರೂ.
> ಮುಟ್ಟಿಸುವ ದಿನ: ಜನವರಿ 10. ಪಾರ್ಸೆಲ್ ಖರ್ಚು ನಿಮ್ಮದು.
> ಮುಂಗಡ: 10,000 ರೂ., ಜನವರಿ 4ರೊಳಗೆ
> ಉಳಿದ ಹಣ: ಸರಕು ಮುಟ್ಟಿದ 30 ದಿನದೊಳಗೆ, ಅಂದರೆ ಫೆಬ್ರುವರಿ 9ರೊಳಗೆ
> ಒಡೆದ ಪ್ಯಾಕೆಟ್ ಇದ್ದರೆ ಮುಟ್ಟಿದ 2 ದಿನದೊಳಗೆ ಫೋಟೊ ಸಮೇತ ತಿಳಿಸಿ. ಅದರ ಹಣವನ್ನು ಬಿಲ್ಲಿನಲ್ಲಿ ಕಡಿಮೆ ಮಾಡುತ್ತೇವೆ.
>
> ಇದು ಸರಿ ಇದ್ದರೆ ಈ ಮೇಲ್‌ಗೆ ‘ಒಪ್ಪಿಗೆ’ ಎಂದು ಉತ್ತರಿಸಲು ಕೋರುತ್ತೇವೆ.
>
> ವಂದನೆಗಳೊಂದಿಗೆ,
> (ಹೆಸರು), ರೊಟ್ಟಿ ಗುಂಪು, ನೀಲಗುಂದ
> ಫೋನ್ ನಂಬರ್, ಆಹಾರ ನೋಂದಣಿ ಸಂಖ್ಯೆ

ಇದರಲ್ಲಿ ‘ಬೇಗ’ ಇಲ್ಲ, ‘ಹಬ್ಬಕ್ಕೆ’ ಇಲ್ಲ, ‘ಮೊದಲಿನ ಹಾಗೆ’ ಇಲ್ಲ. ಅಂಥ ಮಾತು ಇಬ್ಬರಿಗೆ ಮಾತ್ರ ಅರ್ಥವಾಗುವಂಥದ್ದು. ಮೂರನೆಯವರಿಗೆ ತಾರೀಖು ಬೇಕು, ಸಂಖ್ಯೆ ಬೇಕು. ‘ಅಣ್ಣಾರೆ’ ಕೂಡ ಇಲ್ಲ, ಏಕೆಂದರೆ ಓದುವವರು ಅಣ್ಣನೇ ಆಗಿರಬೇಕೆಂದಿಲ್ಲ. ವಿಷಯದ ಸಾಲಿನಲ್ಲಿ ಸರಕು, ಸಂಖ್ಯೆ, ದಿನ ಮೂರೂ ಇವೆ. ಎರಡು ತಿಂಗಳ ಮೇಲೆ ಹುಡುಕಿದರೆ ಮೇಲ್ ತೆರೆಯದೆಯೇ ಯಾವ ಆರ್ಡರ್ ಎಂದು ತಿಳಿಯುತ್ತದೆ. ವಿಷಯದ ಜಾಗದಲ್ಲಿ ಬರೀ ‘ನಮಸ್ಕಾರ’ ಎಂದಿದ್ದರೆ ಆ ಮೇಲ್ ಹುಲ್ಲಿನ ಬಣವೆಯಲ್ಲಿ ಬಿದ್ದ ಹಾಗೆ.

ಮೇಲ್ ವಿಳಾಸದಲ್ಲೂ ಧಾಟಿ ಇದೆ. ಕಾಲೇಜಿನಲ್ಲಿದ್ದಾಗ ಸಿನಿಮಾ ನಟನ ಹೆಸರಿಗೆ 143 ಸೇರಿಸಿ ಮಾಡಿಕೊಂಡ ವಿಳಾಸದಿಂದ 40,000 ರೂಪಾಯಿಯ ಬಿಲ್ ಹೋಗಬಾರದು. ಗುಂಪಿನ ಹೆಸರಿನಲ್ಲಿ ಒಂದು ವಿಳಾಸ ಮಾಡಿಕೊಳ್ಳಲು ಖರ್ಚಿಲ್ಲ. ಅದರ ಪಾಸ್‌ವರ್ಡ್ ಗುಂಪಿನ ಇಬ್ಬರ ಹತ್ತಿರ ಇರಲಿ.

ಬದಲಾಯಿಸುವಾಗ ಮನಸ್ಸು ಕೆಡದಂತೆ

ಇಲ್ಲೊಂದು ಸೂಕ್ಷ್ಮ ಇದೆ. ಮೂರು ವರ್ಷದಿಂದ ‘ಅಕ್ಕಾ, ಅಣ್ಣಾರೆ’ ಅಂತ ಮಾತಾಡುತ್ತಿದ್ದವರಿಗೆ ಒಂದು ದಿನ ಇದ್ದಕ್ಕಿದ್ದ ಹಾಗೆ ‘ಮಾನ್ಯರೇ’ ಎಂದು ಮೇಲ್ ಹೋದರೆ ಅವರಿಗೆ ವಕೀಲರ ನೋಟಿಸ್ ಬಂದ ಹಾಗಾಗುತ್ತದೆ. “ಏನಕ್ಕಾ, ನನ್ನ ಮೇಲೆ ನಂಬಿಕೆ ಇಲ್ವಾ?” ಅಂತ ಕೇಳಿಯಾರು. ನಮ್ಮ ಕಡೆ ಬರೆಸಿಕೊಳ್ಳುವುದು ಅಂದರೆ ಅನುಮಾನ ಪಡುವುದು ಎಂಬ ಭಾವನೆ ಇನ್ನೂ ಇದೆ.

ಅದಕ್ಕೆ ಪರಿಹಾರ ಒಂದು ಸಾಲಿನ ವಾಟ್ಸಾಪ್. ಮೇಲ್ ಕಳಿಸುವ ಮೊದಲು, ಅಥವಾ ಕಳಿಸಿದ ಕೂಡಲೇ:

“ಅಣ್ಣಾರೆ, ಆರ್ಡರ್ ವಿವರ ಮೇಲ್ ಮಾಡೀನಿ. ಗುಂಪಿನ ಲೆಕ್ಕದ ಪುಸ್ತಕಕ್ಕೆ ಬೇಕ್ರಿ. ಒಂದ್ಸಲ ನೋಡಿ ಒಪ್ಪಿಗೆ ಅಂತ ಹಾಕ್ರಿ.”

ಇದರಲ್ಲಿ ಸುಳ್ಳಿಲ್ಲ. ಹತ್ತು ಜನರ ಗುಂಪಿಗೆ ಲೆಕ್ಕ ಬೇಕೇ ಬೇಕು. ಅಂಗಡಿಯವರಿಗೂ ಮುಜುಗರವಿಲ್ಲ, ಏಕೆಂದರೆ ಇದು ಅವರ ಮೇಲಿನ ಅನುಮಾನ ಅಲ್ಲ, ಪುಸ್ತಕದ ನಿಯಮ. ಇನ್ನೂ ಒಳ್ಳೆಯದೆಂದರೆ, ಮೊದಲ ಆರ್ಡರಿನಿಂದಲೇ ಇದನ್ನು ಅಭ್ಯಾಸ ಮಾಡಿಸುವುದು. ಜಗಳ ಬಂದ ದಿನ ಬರುವ ಮೊದಲ ಮೇಲ್ ಜಗಳದ ಮೇಲೇ ಆಗುತ್ತದೆ. ಪ್ರತಿ ಆರ್ಡರಿಗೂ ಬರುವ ಮೇಲ್ ಬರೀ ರಸೀದಿ.

ಕೆಲವು ಗಿರಾಕಿಗಳು ಮೇಲ್ ನೋಡುವುದೇ ಇಲ್ಲ. ಅವರಿಗೆ ಅದೇ ವಿವರವನ್ನು ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಹಾಕಿ, ‘ಒಪ್ಪಿಗೆ’ ಎಂಬ ಉತ್ತರ ಅಲ್ಲೇ ತರಿಸಿಕೊಳ್ಳಿ, ಮೇಲ್ ಕೂಡ ಕಳಿಸಿ. ಧಾಟಿ ಇಮೇಲಿನದೇ ಇರಲಿ, ದಾರಿ ಯಾವುದಾದರೂ ಆಗಲಿ. ಕಾನೂನಿನಲ್ಲೂ ವಾಟ್ಸಾಪ್ ಕೀಳಲ್ಲ. ವಿದ್ಯುನ್ಮಾನ ರೂಪದಲ್ಲಿ ಆಯಿತು ಎಂಬ ಒಂದೇ ಕಾರಣಕ್ಕೆ ಒಪ್ಪಂದ ಬಿದ್ದುಹೋಗುವುದಿಲ್ಲ ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಹೇಳುತ್ತದೆ. ತೊಂದರೆ ಇರುವುದು ಹುಡುಕುವುದರಲ್ಲಿ. ಮಗುವಿನ ಹುಟ್ಟುಹಬ್ಬದ ಫೋಟೊ, ಜಾತ್ರೆಯ ವಿಡಿಯೊ, ಹದಿನೈದು ‘ಆಯ್ತು’ಗಳ ನಡುವೆ ಒಪ್ಪಿದ ದರ ಎಲ್ಲಿದೆ ಎಂದು ತೋರಿಸುವುದು ಕಷ್ಟ.

ಹೆಬ್ಬೆರಳಿನ ಗುರುತು

ಹೆಬ್ಬೆರಳು ಎತ್ತಿದ 👍 ಗುರುತಿನ ಬಗ್ಗೆ ಒಂದು ಮಾತು. ನಾವು ಅದನ್ನು ‘ನೋಡಿದೆ’ ಅನ್ನಲೂ ಬಳಸುತ್ತೇವೆ, ‘ಒಪ್ಪಿದೆ’ ಅನ್ನಲೂ ಬಳಸುತ್ತೇವೆ. ಈ ಎರಡರ ನಡುವೆ ಒಬ್ಬ ರೈತನ ಹಣ ಹೋದ ಕಥೆ ಕೆನಡಾದ್ದು.

ಅಲ್ಲಿನ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ 2021ರಲ್ಲಿ ಒಂದು ಧಾನ್ಯ ಖರೀದಿ ಕಂಪನಿಯವರು ಅಗಸೆ ಖರೀದಿಯ ಕರಾರುಪತ್ರಕ್ಕೆ ಸಹಿ ಹಾಕಿ, ಅದರ ಫೋಟೊ ತೆಗೆದು ರೈತನ ಫೋನಿಗೆ ಕಳಿಸಿದರು. ದಯವಿಟ್ಟು ಖಚಿತಪಡಿಸಿ ಎಂದು ಕೇಳಿದರು. ರೈತ 👍 ಹಾಕಿದ. ಸುಗ್ಗಿಯ ಹೊತ್ತಿಗೆ ಅಗಸೆಯ ದರ ಏರಿತ್ತು, ಮಾಲು ಹೋಗಲಿಲ್ಲ. ಕಂಪನಿ ಕೋರ್ಟಿಗೆ ಹೋಯಿತು. ಕರಾರುಪತ್ರ ಬಂದಿದೆ ಎಂದು ತಿಳಿಸಲಷ್ಟೇ ಹೆಬ್ಬೆರಳು ಹಾಕಿದ್ದು, ಒಪ್ಪಲು ಅಲ್ಲ ಎಂದು ರೈತ ವಾದಿಸಿದ. 2023ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. 82,000 ಕೆನಡಾ ಡಾಲರಿಗೂ ಹೆಚ್ಚು ಪರಿಹಾರ ಕೊಡಬೇಕೆಂದು ಹೇಳಿತು. ಮೇಲ್ಮನವಿಯಲ್ಲೂ ತೀರ್ಪು ಹಾಗೆಯೇ ಉಳಿಯಿತು.

ತೀರ್ಪಿಗೆ ಮುಖ್ಯ ಕಾರಣ ಬರೀ ಚಿತ್ರ ಅಲ್ಲ. ಹಿಂದಿನ ಆರ್ಡರುಗಳಿಗೂ ಆ ರೈತ ‘ಸರಿ’, ‘ಹೂಂ’ ಎಂಬಂಥ ಚುಟುಕು ಉತ್ತರ ಬರೆದು ಮಾಲು ಕಳಿಸಿದ್ದ. ಅವನ ಚುಟುಕು ಮಾತಿಗೆ ಒಪ್ಪಿಗೆ ಎಂಬ ಅರ್ಥ ಅವನೇ ಕೊಟ್ಟುಕೊಂಡಂತಾಗಿತ್ತು. ಅದು ಬೇರೆ ದೇಶದ ತೀರ್ಪು, ನಮ್ಮ ಕೋರ್ಟಿಗೆ ಕಟ್ಟಳೆಯಲ್ಲ. ಆದರೆ ಅದರ ವಿವೇಕ ನಮಗೂ ಬೇಕು. ದರ ಅಥವಾ ಕರಾರು ಇರುವ ಸಂದೇಶಕ್ಕೆ ಗುರುತು ಹಾಕಬೇಡಿ, ಮಾತು ಬರೆಯಿರಿ. ಒಪ್ಪಿದ್ದರೆ “ಒಪ್ಪಿಗೆ”. ಒಪ್ಪದಿದ್ದರೆ “ನೋಡಿದೀನ್ರಿ, ಗುಂಪಿನಲ್ಲಿ ಮಾತಾಡಿ ನಾಳೆ ಹೇಳ್ತೀನಿ.”

ಎರಡನೆಯ ಹೊತ್ತು: ತಕರಾರು ಬಂದಾಗ

ನಮ್ಮ ರೊಟ್ಟಿ ಜನವರಿ 10ಕ್ಕೆ ಬೆಂಗಳೂರು ಮುಟ್ಟಿತು. 11ನೇ ತಾರೀಖು ಬೆಳಿಗ್ಗೆ ಅಂಗಡಿಯವರಿಂದ ವಾಟ್ಸಾಪ್: “ಅಕ್ಕಾ ಏನಿದು? ಎಲ್ಲಾ ಪುಡಿ ಪುಡಿ ಆಗಿದೆ.” ಜೊತೆಗೆ ಸಿಟ್ಟಿನ ಮುಖದ ಚಿತ್ರ.

ಇಲ್ಲಿ ಕೂಡಲೇ ಮೇಲ್ ಬರೆಯುವುದು ತಪ್ಪು. ಸಿಟ್ಟಿನಲ್ಲಿರುವ ಮನುಷ್ಯನಿಗೆ ‘ಮಾನ್ಯರೇ’ ಅಂದರೆ ಅದು ಬೆನ್ನು ತಿರುಗಿಸಿದ ಹಾಗೆ. ವಾಟ್ಸಾಪ್‌ನಲ್ಲಿ ಉದ್ದ ವಾದವೂ ಬೇಡ, ಬರಹದಲ್ಲಿ ದನಿ ಕೇಳಿಸುವುದಿಲ್ಲ. ಮೊದಲು ಫೋನ್ ಮಾಡಿ ಮಾತಾಡಬೇಕು. ಮಾತಾಡಿದ ಮೇಲೆ ‘ಎಲ್ಲಾ’ ಅಂದದ್ದು 30 ಪ್ಯಾಕೆಟ್ ಅಂತ ಗೊತ್ತಾಗುತ್ತದೆ. ಒಂದು ಡಬ್ಬದ ಮೇಲೆ ಯಾರೋ ಭಾರ ಇಟ್ಟಿದ್ದಾರೆ. ಫೋಟೊ ಕಳಿಸಲು ವಾಟ್ಸಾಪ್‌ನಲ್ಲೇ ಕೇಳಿ. ಸಾಮಾನ್ಯವಾಗಿ ಕಳಿಸಿದರೆ ವಾಟ್ಸಾಪ್ ಫೋಟೊವನ್ನು ಕುಗ್ಗಿಸುತ್ತದೆ. `Document` ಎಂದು ಆರಿಸಿ ಕಳಿಸಿದರೆ ಮೂಲ ಫೋಟೊ ಹಾಗೇ ಬರುತ್ತದೆ, ಡಬ್ಬದ ಮೇಲಿನ ಅಕ್ಷರವೂ ಓದಲು ಬರುತ್ತದೆ.

ಮಾತು ತಣ್ಣಗಾದ ಮೇಲೆ ಮೇಲ್. ಮೊದಲಿನ ಆರ್ಡರ್ ಮೇಲ್‌ಗೇ ಉತ್ತರದ ರೂಪದಲ್ಲಿ ಬರೆಯಿರಿ, ಆಗ ಎರಡೂ ಒಂದೇ ಎಳೆಯಲ್ಲಿ ಉಳಿಯುತ್ತವೆ:

> ಮಾನ್ಯರೇ,
> ಜನವರಿ 11ರಂದು ನೀವು ಕಳಿಸಿದ ಫೋಟೊಗಳಂತೆ 30 ಪ್ಯಾಕೆಟ್ ಒಡೆದಿವೆ. ಅದರ 2,400 ರೂ. ಕಡಿತ ಮಾಡಿದ್ದೇವೆ. ಉಳಿದ 470 ಪ್ಯಾಕೆಟ್ ಸರಿಯಾಗಿ ಮುಟ್ಟಿವೆ ಎಂದು ತಿಳಿದಿದ್ದೇವೆ. ಮುಂಗಡ 10,000 ಕಳೆದು ಬರಬೇಕಾದ ಹಣ 27,600 ರೂ., ಕೊನೆಯ ದಿನ ಫೆಬ್ರುವರಿ 9. ಈ ತಕರಾರು ಇಲ್ಲಿಗೆ ಮುಗಿದಿದೆ ಎಂದು ಖಚಿತಪಡಿಸಲು ಕೋರುತ್ತೇವೆ.

ಇದರಲ್ಲಿ ಕ್ಷಮೆಯ ಉದ್ದ ಮಾತಿಲ್ಲ, ಯಾರ ತಪ್ಪು ಎಂಬ ವಾದವೂ ಇಲ್ಲ. ಬೇಜಾರಿನ ಮಾತು, ಸಮಾಧಾನದ ಮಾತು ಫೋನಿನಲ್ಲಿ ಆಗಿಹೋಯಿತು. ಮೇಲ್‌ನಲ್ಲಿ ಉಳಿದದ್ದು ಏನಾಯಿತು, ಎಷ್ಟು ಕಡಿತ, ಎಷ್ಟು ಬಾಕಿ.

ಇದನ್ನು 12ನೇ ತಾರೀಖೇ ಕಳಿಸಬೇಕು, ತಡ ಮಾಡಬಾರದು. ಅದಕ್ಕೆ ಕಾರಣ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮ ಕಾಯ್ದೆ. ಉದ್ಯಮ್ ನೋಂದಣಿ ಇರುವ ಸಣ್ಣ ಉತ್ಪಾದಕರಿಗೆ ಖರೀದಿದಾರರು ಬರಹದಲ್ಲಿ ಒಪ್ಪಿದ ದಿನದೊಳಗೆ ಹಣ ಕೊಡಬೇಕು, ಮತ್ತು ಹೇಗೇ ಒಪ್ಪಿದ್ದರೂ ಸರಕು ಒಪ್ಪಿಕೊಂಡ ದಿನದಿಂದ 45 ದಿನ ಮೀರುವಂತಿಲ್ಲ ಎಂದು ಅದರ 15ನೇ ಕಲಂ ಹೇಳುತ್ತದೆ. ಬರಹದ ಒಪ್ಪಂದವೇ ಇಲ್ಲದಿದ್ದರೆ ಲೆಕ್ಕಕ್ಕೆ ಬರುವುದು 15 ದಿನ. ಸರಕು ಮುಟ್ಟಿದ ದಿನವೇ ಒಪ್ಪಿಕೊಂಡ ದಿನ. ಆದರೆ 15 ದಿನದೊಳಗೆ ಖರೀದಿದಾರರು ಬರಹದಲ್ಲಿ ತಕರಾರು ಎತ್ತಿದರೆ, ಆ ತಕರಾರು ತೀರಿದ ದಿನದಿಂದ ಎಣಿಕೆ ಶುರುವಾಗುತ್ತದೆ.

ಈಗ ನಮ್ಮ ಉದಾಹರಣೆ ನೋಡಿ. ‘ಎಲ್ಲಾ ಪುಡಿ ಪುಡಿ’ ಎಂಬ ವಾಟ್ಸಾಪ್ ಕೂಡ ಬರಹದ ತಕರಾರು ಎಂದು ಅಂಗಡಿಯವರು ವಾದಿಸಬಹುದು. ಅದು ತೀರಿದ್ದು ಯಾವಾಗ ಎಂದು ಎಲ್ಲೂ ಬರೆದಿಲ್ಲದಿದ್ದರೆ ಎಣಿಕೆ ತೂಗಾಡುತ್ತಲೇ ಇರುತ್ತದೆ. 12ನೇ ತಾರೀಖಿನ ಮೇಲ್‌ಗೆ ‘ಹೌದು’ ಎಂಬ ಉತ್ತರ ಬಂದರೆ ತಕರಾರು ಅಂದೇ ತೀರಿತು. 45 ದಿನದ ಗಡಿ ಫೆಬ್ರುವರಿ 26. ಒಪ್ಪಿದ ದಿನ ಫೆಬ್ರುವರಿ 9 ಅದರೊಳಗೇ ಇದೆ.

ಮೂರನೆಯ ಹೊತ್ತು: ಹಣ ತಡವಾದಾಗ

ಫೆಬ್ರುವರಿ 9 ಹತ್ತಿರ ಬಂತು. ಇಲ್ಲಿ ಧಾಟಿ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ನಾಲ್ಕು ದಿನ ಮೊದಲು ವಾಟ್ಸಾಪ್‌ನಲ್ಲಿ ಒಂದು ನೆನಪು:

“ಅಣ್ಣಾರೆ ನಮಸ್ಕಾರ. ಹಬ್ಬದ ರೊಟ್ಟಿ ಬಾಕಿ 27,600 ಐತ್ರಿ, 9ಕ್ಕೆ. ಹೆಣ್ಮಕ್ಕಳ ಕೂಲಿ ಕೊಡಬೇಕು, ಒಂದ್ಸಲ ನೋಡ್ರಿ.”

ಇದು ಮನುಷ್ಯನಿಗೆ ಬರೆದ ಮಾತು. ಕೂಲಿಯ ಕಷ್ಟ ಹೇಳಬಹುದು, ಅದು ನಿಜ ಕೂಡ. ಒಂಬತ್ತು ದಾಟಿ ಮೂರು ದಿನವಾದರೂ ಹಣ ಬರದಿದ್ದರೆ ಫೋನ್. “ಅಕೌಂಟ್ಸ್‌ನವರಿಗೆ ಹೇಳಿದ್ದೀನಿ ಅಕ್ಕಾ” ಎಂಬ ಉತ್ತರ ಬಂದ ಕ್ಷಣವೇ ಇಮೇಲ್‌ನ ಹೊತ್ತು ಬಂತು ಎಂದು ತಿಳಿಯಿರಿ. ಈಗ ಹಣ ಕೊಡುವ ಕೈ ಬೇರೆ, ಮಾತಾಡುವ ಬಾಯಿ ಬೇರೆ. ಅಕೌಂಟ್ಸ್‌ನವರಿಗೆ ನಿಮ್ಮ ‘ಅಣ್ಣಾರೆ’ ಕಾಣುವುದಿಲ್ಲ. ಅವರ ಮೇಲ್ ವಿಳಾಸ ಕೇಳಿ, ಅದೇ ಹಳೆಯ ಎಳೆಯಲ್ಲಿ ಬಿಲ್ ಲಗತ್ತಿಸಿ, ಅಂಗಡಿಯವರಿಗೂ ಪ್ರತಿ ಹಾಕಿ. ಅದರಲ್ಲಿ ಕೂಲಿಯ ಕಷ್ಟ ಬೇಡ. ಬಿಲ್ ಸಂಖ್ಯೆ, ಮುಟ್ಟಿದ ದಿನ, ಬಾಕಿ, ಕೊನೆಯ ದಿನ, ಬ್ಯಾಂಕ್ ಖಾತೆ ವಿವರ ಇರಲಿ. ‘ಫೆಬ್ರುವರಿ 20ರೊಳಗೆ ಪಾವತಿಸಲು ಕೋರುತ್ತೇವೆ’ ಎಂದು ಒಂದು ದಿನ ಹೇಳಿ. ‘ಆದಷ್ಟು ಬೇಗ’ ಎಂದು ಬರೆದರೆ ಅವರ ಪಟ್ಟಿಯಲ್ಲಿ ನಿಮ್ಮ ಹೆಸರು ಕೊನೆಗೆ ಹೋಗುತ್ತದೆ.

ಅದಕ್ಕೂ ಉತ್ತರವಿಲ್ಲದಿದ್ದರೆ ಕೊನೆಯ ಮೆಟ್ಟಿಲು. ಕಾಯ್ದೆಯ 15ನೇ ಕಲಂ ಹೆಸರಿಸಿ, ತಡವಾದ ಹಣಕ್ಕೆ 16ನೇ ಕಲಂ ಪ್ರಕಾರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬರುತ್ತದೆ ಎಂದು ತಿಳಿಸುವ ಮೇಲ್. ಆಮೇಲೂ ಆಗದಿದ್ದರೆ ಅದೇ ಕಾಯ್ದೆಯ ಅಡಿ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ದೂರು ಕೊಡಬಹುದು. ಅಲ್ಲಿ ಆರ್ಡರ್, ಬಿಲ್, ಸರಕು ಮುಟ್ಟಿದ ಪುರಾವೆ ಕೇಳುತ್ತಾರೆ. ಜನವರಿ 2ರಿಂದ ಒಂದೇ ಎಳೆಯಲ್ಲಿ ಬಂದ ಮೇಲ್‌ಗಳಿದ್ದರೆ ಅರ್ಧ ಕೆಲಸ ಆಗಿಯೇ ಇರುತ್ತದೆ. ಸರಕು ಕಳಿಸುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿಟ್ಟುಕೊಂಡಿರಬೇಕು. ಬೇರೆಯವರ ಮಾಲು ತಂದು ಬರೀ ಮಾರುವ ವ್ಯಾಪಾರಿಗಳಿಗೆ ಈ ರಕ್ಷಣೆ ಸಿಗುವುದಿಲ್ಲ, ತಯಾರಿಸುವವರಿಗೆ ಮತ್ತು ಸೇವೆ ಕೊಡುವವರಿಗೆ ಸಿಗುತ್ತದೆ.

ಈ ಕಲಮಿನ ಮಾತನ್ನು ವಾಟ್ಸಾಪ್‌ನಲ್ಲಿ ಆಡಬೇಡಿ. ‘ಅಣ್ಣಾರೆ, ಚಕ್ರಬಡ್ಡಿ ಹಾಕ್ತೀವಿ’ ಅಂದರೆ ಅದು ಬೆದರಿಕೆ. ಅದೇ ಮಾತು ಮೇಲ್‌ನಲ್ಲಿ ಬಿಲ್ಲಿನ ಕೆಳಗೆ ಬಂದರೆ ನಿಯಮ. ಮತ್ತೆ ‘ಅಣ್ಣಾರೆ’ ಎನ್ನುವ ದಾರಿ ತೆರೆದಿರಬೇಕಾದರೆ ಕಠಿಣ ಮಾತು ಇನ್ನೊಂದು ಕಡೆಯೇ ಇರಬೇಕು.

ವಾಪಸ್ ಬರುವುದೂ ಮುಖ್ಯ

ಬದಲಾಯಿಸುವುದು ಅಂದರೆ ಒಂದೇ ಕಡೆಗೆ ಹೋಗುವುದಲ್ಲ. ಹಣ ಬಂದ ದಿನ ಮೇಲ್‌ನಲ್ಲಿ ಒಂದು ಸಾಲು: ‘27,600 ರೂ. ಸಂದಾಯವಾಗಿದೆ, ಬಾಕಿ ಇಲ್ಲ.’ ಅದರ ಹಿಂದೆಯೇ ವಾಟ್ಸಾಪ್‌ನಲ್ಲಿ: “ಬಂತ್ರಿ ಅಣ್ಣಾರೆ. ಯುಗಾದಿಗೆ ಎಷ್ಟು ಬೇಕು ಹೇಳ್ರಿ, ಈ ಸಲ ಡಬ್ಬ ಗಟ್ಟಿ ಮಾಡಿಸೀವಿ.” ಮೇಲ್ ಲೆಕ್ಕ ಮುಗಿಸಿತು, ವಾಟ್ಸಾಪ್ ಮುಂದಿನ ಆರ್ಡರ್ ಕೇಳಿತು.

ಎಲ್ಲದಕ್ಕೂ ಮೇಲ್ ಬರೆಯುವವರೂ ಇದ್ದಾರೆ. ಬಸ್ ಹೊರಟಿತು, ಚೀಟಿಯ ಫೋಟೊ ಇಗೋ, ಡ್ರೈವರ್ ನಂಬರ್ ಇದು ಎಂಬುದಕ್ಕೆಲ್ಲ ‘ಮಾನ್ಯರೇ’ ಬೇಡ. ಮಾಹಿತಿ ಇವತ್ತು ಸಂಜೆಗೆ ಹಳಸುವಂಥದ್ದಾದರೆ ವಾಟ್ಸಾಪ್. ಮುಂದಿನ ತಿಂಗಳು ಯಾರಾದರೂ ‘ಹೌದಾ, ಯಾವಾಗ ಹೇಳಿದ್ರಿ?’ ಎಂದು ಕೇಳಬಹುದಾದರೆ ಮೇಲ್. ನನ್ನ ಮಟ್ಟಿಗೆ ಇದಕ್ಕಿಂತ ಸುಲಭದ ಅಳತೆ ಇಲ್ಲ.

ಇನ್ನೊಂದು ಮಾತು ನೆನಪಿರಲಿ. ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು 15 ನಿಮಿಷದೊಳಗೆ ತಿದ್ದಬಹುದು, ಎರಡು ದಿನಕ್ಕೂ ಸ್ವಲ್ಪ ಹೆಚ್ಚು ಕಾಲ ಎರಡೂ ಕಡೆಯಿಂದ ಅಳಿಸಬಹುದು. ತಾನಾಗಿ ಮಾಯವಾಗುವಂತೆ ಹೊಂದಿಸಿದ್ದರೆ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಮಾತೇ ಇರುವುದಿಲ್ಲ. ಫೋನ್ ಕೆರೆಗೆ ಬಿದ್ದು, ಬ್ಯಾಕಪ್ ಇಲ್ಲದಿದ್ದರೂ ಅಷ್ಟೇ. ದೊಡ್ಡ ಗಿರಾಕಿಗಳ ಜೊತೆಗಿನ ಮಾತನ್ನು ತಿಂಗಳಿಗೊಮ್ಮೆ ಆ ಚಾಟ್ ತೆರೆದು, ಮೂಲೆಯ ಮೂರು ಚುಕ್ಕಿ ಒತ್ತಿ, `More` ಒಳಗಿನ `Export chat` ಆರಿಸಿ, ಗುಂಪಿನ ಇಮೇಲ್‌ಗೇ ಕಳಿಸಿಕೊಳ್ಳಿ. ಸಂದೇಶಗಳೆಲ್ಲ ತಾರೀಖು, ಗಂಟೆ ಸಮೇತ ಒಂದು ಕಡತವಾಗಿ ಬರುತ್ತವೆ. ಯಾರಿಗಾದರೂ ತೋರಿಸಬೇಕಾಗಿ ಬಂದರೆ ಮೂಲ ಚಾಟ್ ಕೂಡ ಬೇಕು, ಅದನ್ನು ಅಳಿಸಬೇಡಿ.